ಎಲ್ಲಿ ತಪ್ಪತಾಳ, ಅದು ಬರಿ

ಆ ವರ್ಷ ನಾನು ಬಿ.ಎಸ್ಸಿ. ಕೊನೆಯ ವರ್ಷದಲ್ಲಿದ್ದೆ. ಹುಮನಾಬಾದಿನಲ್ಲಿ ನಮ್ಮ ಮನೆ. ಮುಂದಿನ ಕೋಣೆಯೇ ಅಪ್ಪನ ಕಿರಾಣಿ ಅಂಗಡಿ. ದಿನಾ ಬಸ್ಸು ಹಿಡಿದು ಬಸವಕಲ್ಯಾಣದ ಕಾಲೇಜಿಗೆ ಹೋಗಿಬರುತ್ತಿದ್ದೆ. ನನಗಿಂತ ಒಂದು ವರ್ಷ ಹಿಂದಿದ್ದ ಹುಡುಗಿಯೊಬ್ಬಳು ನಾರಾಯಣಪುರದಿಂದ ಬರುತ್ತಿದ್ದಳು. ಅವರ ಮನೆಯಲ್ಲಿ ಕುರಿ ಸಾಕುತ್ತಿದ್ದರು, ಸ್ವಲ್ಪ ಹೊಲವೂ ಇತ್ತು. ಆ ಮನೆಯಿಂದ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ಅವಳೇ ಮೊದಲನೆಯವಳು. ನನ್ನನ್ನು ಅಕ್ಕ ಎನ್ನುತ್ತಿದ್ದಳು.

ಅವಳಿಗೆ ಸಾವಯವ ರಸಾಯನಶಾಸ್ತ್ರ ಎಂದರೆ ಜ್ವರ ಬರುತ್ತಿತ್ತು. ಕ್ರಿಯಾವಿಧಾನಗಳನ್ನು ಮಗ್ಗಿಯಂತೆ ಬಾಯಿಪಾಠ ಮಾಡುತ್ತಿದ್ದಳು. ಪುಸ್ತಕದಲ್ಲಿದ್ದ ಪದಾರ್ಥವನ್ನೇ ಕೇಳಿದರೆ ಚೊಕ್ಕ ಬರೆಯುತ್ತಿದ್ದಳು. ಒಂದು ಕಾರ್ಬನ್ ಹೆಚ್ಚು ಮಾಡಿ ಕೊಟ್ಟರೆ ಪೆನ್ನು ಕೆಳಗಿಡುತ್ತಿದ್ದಳು. ಓದಿನ ರಜೆಯಲ್ಲಿ ದಿನಾ ಬಸವಕಲ್ಯಾಣಕ್ಕೆ ಬಂದು ಹೇಳಿಕೊಡುತ್ತೇನೆಂದು ಮಾತು ಕೊಟ್ಟಿದ್ದೆ. ರಜೆ ಶುರುವಾಗುವ ಹೊತ್ತಿಗೆ ನಮ್ಮವ್ವನನ್ನು ಸೊಲ್ಲಾಪುರದ ಆಸ್ಪತ್ರೆಯಿಂದ ಮನೆಗೆ ಕಳಿಸಿಬಿಟ್ಟರು. ಹೊಟ್ಟೆಯ ಗಡ್ಡೆ. ಮನೆಯಲ್ಲಿ ಚೆನ್ನಾಗಿ ನೋಡಿಕೊಳ್ಳಿ ಎಂದರಂತೆ. ಅಪ್ಪ ಅಷ್ಟನ್ನೇ ಹೇಳಿ ಅಂಗಡಿಗೆ ಹೋಗಿ ಕೂತ. ಉಳಿದದ್ದು ನಮಗೆ ತಿಳಿಯಿತು.

ಊಟ ಓಣಿಯವರು ಕಳಿಸುತ್ತಿದ್ದರು, ಅವ್ವನ ಹತ್ತಿರ ಇರಬೇಕಾದವಳು ನಾನೇ. ಬಸವಕಲ್ಯಾಣಕ್ಕೆ ಹೋಗುವುದು ಆಗದ ಮಾತಾಯಿತು. ಅದಕ್ಕೇ ಅವಳಿಗೊಂದು ಕಾಗದ ಬರೆಯಲು ಕೂತೆ. ಅವ್ವ ಮಲಗಿದ್ದ ಮಂಚದ ಪಕ್ಕದಲ್ಲಿ, ಮಧ್ಯಾಹ್ನ, ತೊಡೆಯ ಮೇಲೆ ಪರೀಕ್ಷೆಯ ರಟ್ಟು ಇಟ್ಟುಕೊಂಡು.

ಮೂರು ವಾರಕ್ಕೆ ಹೊಂದಿಸಿ ಬರೆದೆ. ಮೊದಲ ನಾಲ್ಕು ದಿನ ಯಾವ ಕ್ರಿಯೆಯನ್ನೂ ಓದಬೇಡ, ಬರೀ ಬಾಣ ಹಾಕುವುದನ್ನು ಕಲಿ. ಬಾಣ ಹೊರಡುವುದು ಇಲೆಕ್ಟ್ರಾನು ಜೋಡಿ ಇರುವ ಕಡೆಯಿಂದ, ಮುಟ್ಟುವುದು ಇಲೆಕ್ಟ್ರಾನು ಕೊರತೆ ಇರುವ ಕಡೆಗೆ. ಪ್ಲಸ್ ಗುರುತಿನಿಂದ ಹೊರಡಿಸಬೇಡ. ಆಮೇಲೆ ಆದೇಶನ ಕ್ರಿಯೆಗಳು, ಒಂದು ಗುಂಪು ಹೋಗಿ ಇನ್ನೊಂದು ಬಂದು ಕೂರುವಂಥವು, ಅವುಗಳ ಎರಡು ಬಗೆಯನ್ನೂ ಪಕ್ಕಪಕ್ಕ ಬರೆದು. ಮೀಥೈಲ್ ಬ್ರೋಮೈಡಿನಲ್ಲಿ ಹೈಡ್ರಾಕ್ಸೈಡು ಹಿಂದಿನಿಂದ ಬರುತ್ತಿದ್ದಂತೆ ಬ್ರೋಮೈಡು ಹೊರಡುತ್ತದೆ, ಎರಡೂ ಒಂದೇ ಹೆಜ್ಜೆಯಲ್ಲಿ. ಮೂರು ಮೀಥೈಲ್ ಗುಂಪು ಮುತ್ತಿಕೊಂಡ ಕಾರ್ಬನ್ನಿನಲ್ಲಿ ಹಾಗೆ ಒಳಗೆ ಬರಲು ಜಾಗವಿಲ್ಲ. ಅಲ್ಲಿ ಬ್ರೋಮೈಡು ಮೊದಲು ಹೋಗುತ್ತದೆ, ನೀರು ಆಮೇಲೆ ಬರುತ್ತದೆ. ಎರಡನೆಯ ವಾರ ವಿಲೋಪನ, ಸಂಕಲನ, ಬೆಂಜೀನು. ಮೂರನೆಯ ವಾರ ಆಲ್ಡಿಹೈಡುಗಳು. ರಾತ್ರಿ ಪುಸ್ತಕ ಮುಚ್ಚಿ ಬರಿ, ತಪ್ಪಿದ್ದಕ್ಕೆ ಕೆಂಪು ಗೆರೆ ಎಳಿ, ಬೆಳಿಗ್ಗೆ ಎದ್ದ ಕೂಡಲೇ ಅದನ್ನಷ್ಟೇ ಮತ್ತೆ ಬರಿ. ಕೊನೆಯ ಎರಡು ದಿನ ಹೊಸದೇನೂ ಬೇಡ, ಹಳೆಯ ಪ್ರಶ್ನೆಪತ್ರಿಕೆ ಸಾಕು.

ಅವ್ವ ಕಣ್ಣು ಮುಚ್ಚಿಯೇ ಕೇಳಿದಳು. “ಏನ್ ಬರ್ಯಾಕತ್ತಿ?”

“ನಾರಾಯಣಪುರದ ಹುಡುಗಿಗವ್ವ. ಹ್ಯಾಂಗ ಓದಬೇಕಂತ.”

“ಓದು, ಕೇಳ್ತೀನಿ.”

“ನಿಂಗ ತಿಳ್ಯಂಗಿಲ್ಲ.”

“ತಿಳೀದಿದ್ರ ಬಿಡು. ನಿನ್ನ ದನಿ ಕೇಳಸ್ತದಲ್ಲ.”

ಓದಿದೆ. ಅವ್ವ ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟವಳು. ನಡುನಡುವೆ ನೋವು ಬಂದಾಗ ಮಂಚದ ಪಟ್ಟಿ ಹಿಡಿದುಕೊಳ್ಳುತ್ತಿದ್ದಳು. ನಾನು ನಿಲ್ಲಿಸಿದರೆ ಕೈಯಲ್ಲೇ ಓದು ಎಂದು ಸನ್ನೆ ಮಾಡುತ್ತಿದ್ದಳು. ಮುಗಿದ ಮೇಲೆ ಕೇಳಿದಳು.

“ಆ ಹುಡುಗಿಗಿ ಮನ್ಯಾಗ ಹೇಳಿಕೊಡೋರು ಯಾರರೆ ಅದಾರೇನು?”

“ಯಾರೂ ಇಲ್ಲ.”

“ಮತ್ತ ಬರೇ ಇದು ಮಾಡು, ಅದು ಮಾಡು ಅಂತ ಬರ್ದೀದಿ. ಎಲ್ಲಿ ತಪ್ಪತಾಳ, ಅದು ಬರಿ. ಒಬ್ಬಾಕಿನೇ ಕುಂತಾಗ ತಪ್ಪಿದ್ದು ಅಕಿಗಿ ಹ್ಯಾಂಗ ಗೊತ್ತಾಗ್ಬೇಕು?”

ಅಂದು ಸಂಜೆ ಇನ್ನೊಂದು ಹಾಳೆ ಸೇರಿಸಿದೆ. ಅವಳು ತಪ್ಪುವ ಜಾಗಗಳು. ಆಲ್ಡಾಲ್ ಕ್ರಿಯೆಯಲ್ಲಿ ಅವಳು ಯಾವಾಗಲೂ ಸರಪಳಿಯ ತುದಿಯ ಕಾರ್ಬನ್ನಿನಿಂದ ಹೊಸ ಬಂಧ ಹಾಕುತ್ತಿದ್ದಳು. ತುದಿ ನೋಡಬೇಡ, ಆಲ್ಡಿಹೈಡ್ ಗುಂಪಿಗೆ ಹತ್ತಿಕೊಂಡ ಕಾರ್ಬನ್ ನೋಡು, ಕ್ಷಾರ ಹೈಡ್ರೋಜನ್ ಕಿತ್ತುಕೊಳ್ಳುವುದು ಅಲ್ಲಿಂದ, ಬಂಧ ಬೆಳೆಯುವುದೂ ಅಲ್ಲಿಂದಲೇ ಎಂದು ಬರೆದೆ. ಆ ಕಾರ್ಬನ್ನಿನಲ್ಲಿ ಹೈಡ್ರೋಜನ್ನೇ ಇಲ್ಲದಿದ್ದರೆ ಆಲ್ಡಾಲ್ ಅಲ್ಲ, ಕ್ಯಾನಿಜಾರೋ ಎಂದೂ ಬರೆದೆ. ಕೊನೆಗೆ ಅವ್ವ ಹೇಳಿದಂತೆ ಒಂದು ಸಾಲು: ಈ ಹಾಳೆ ನಮ್ಮವ್ವ ಬರೆಸಿದ್ದು, ಉಂಡು ಓದಬೇಕಂತೆ.

ವಾರದೊಳಗೆ ಉತ್ತರ ಬಂತು. ಬಾಣಗಳು ನೆಟ್ಟಗಾಗಿವೆ ಎಂದು ಬರೆದು, ಕೆಳಗೆ ಅವ್ವಾರಿಗೆ ನಮಸ್ಕಾರ ಎಂದಿತ್ತು. ಅವ್ವನಿಗೆ ಓದಿ ಹೇಳಿದೆ. ಅವಳು ಆಗಲೇ ನೀರು ಬಿಟ್ಟು ಬೇರೇನೂ ತೆಗೆದುಕೊಳ್ಳುತ್ತಿರಲಿಲ್ಲ.

“ನಿನ್ನ ಪರೀಕ್ಷಾ?” ಎಂದಳು.

“ಬರೀತೀನವ್ವ.”

ಬರೆದೆ, ಮೊದಲೆರಡು ಪತ್ರಿಕೆ. ಸಾವಯವದ ಪತ್ರಿಕೆಯ ಹಿಂದಿನ ದಿನ ಬೆಳಿಗ್ಗೆ ಅವ್ವ ಹೋದಳು. ನಾನು ಹಾಲು ಕಾಯಿಸುತ್ತಿದ್ದೆ. ಅಪ್ಪ ಕರೆದ ದನಿಯಲ್ಲೇ ತಿಳಿಯಿತು. ಮಧ್ಯಾಹ್ನ ಊರಾಚೆಯ ನಮ್ಮ ತುಂಡು ಹೊಲದಲ್ಲಿ ಮಣ್ಣು ಮಾಡಿ ಬಂದೆವು. ಮರುದಿನ ಪರೀಕ್ಷೆಯ ಹೊತ್ತಿಗೆ ನಾನು ಬಂದವರಿಗೆ ಚಹಾ ಸೋಸುತ್ತಿದ್ದೆ. ಹೋಗೆಂದು ಯಾರೂ ಹೇಳಲಿಲ್ಲ, ಹೋಗಲೇ ಎಂದು ನಾನೂ ಕೇಳಲಿಲ್ಲ.

ಅದರ ಮರುದಿನ ಅವಳ ರಸಾಯನ ಪತ್ರಿಕೆ. ಪರೀಕ್ಷೆ ಬರೆದವಳು ನೇರ ಬಸ್ಸು ಹತ್ತಿ ಹುಮನಾಬಾದಿಗೆ ಬಂದಿದ್ದಾಳೆ. ಅಂಗಡಿಯ ಬಾಗಿಲು ಹಾಕಿದ್ದನ್ನು ನೋಡಿ, ಪಕ್ಕದ ಓಣಿಯಿಂದ ಹಿತ್ತಲ ಬಾಗಿಲಿಗೆ ಬಂದಳು. ಕೈಯಲ್ಲಿ ಮಡಚಿದ ಪ್ರಶ್ನೆಪತ್ರಿಕೆ, ಮುಖದ ತುಂಬ ಬೆವರು ಮತ್ತು ನಗು.

“ಅಕ್ಕಾ, ಅವ್ವಾರು ಎಲ್ಲಿ ಅದಾರ್ರಿ? ಅವರಿಗೇ ಹೇಳಬೇಕಂತ ಬಂದೀನಿ. ಅವರು ಬರಸಿದ್ದೇ ಬಂದಿತ್ರಿ.”

ಒಳಗೆ ಕೂತಿದ್ದ ಹೆಂಗಸರು ಬಾಗಿಲ ಕಡೆ ತಿರುಗಿದರು. ಅವ್ವನ ಮಂಚವನ್ನು ತೊಳೆದು ಹಿತ್ತಲ ಗೋಡೆಗೆ ಆನಿಸಿ ನಿಲ್ಲಿಸಿದ್ದರು. ಅವಳು ಅದನ್ನು ನೋಡಿದಳು, ನನ್ನನ್ನು ನೋಡಿದಳು. ಮೆಲ್ಲಗೆ ಪತ್ರಿಕೆಯನ್ನು ಸೆರಗಿನ ಮರೆಗೆ ತೆಗೆದುಕೊಂಡಳು.

“ಯಾವಾಗ್ರಿ?”

“ಮೊನ್ನೆ ಮುಂಜಾನಿ.”

ಬಾವಿಯ ಕಟ್ಟೆಯ ಮೇಲೆ ಇಬ್ಬರೂ ಕೂತೆವು. ಅವಳು ಬಂದ ಬಸ್ಸಿಗೇ ಹಿಂದೆ ಹೋಗಲಿ ಅನ್ನಿಸಿತು ನನಗೆ. ಅವಳ ಬೆರಳಿಗೆ ಇನ್ನೂ ಶಾಯಿ ಇತ್ತು. ನಾನು ಎರಡು ದಿನದಿಂದ ಪೆನ್ನು ಮುಟ್ಟಿರಲಿಲ್ಲ. ಆದರೂ ಬಾಯಿಂದ ಬಂದದ್ದು ಬೇರೆ.

“ಏನ್ ಕೇಳಿದ್ರು?”

“ಈಗ ಬ್ಯಾಡ್ರಿ ಅಕ್ಕಾ.”

“ಹೇಳು.”

ಅವಳು ತಲೆ ಬಗ್ಗಿಸಿ ಹೇಳಿದಳು. “ಆಲ್ಡಾಲ್ ರಿ. ಪುಸ್ತಕದಾಗ ಅಸಿಟಾಲ್ಡಿಹೈಡ್ ಅದ, ಇವರು ಪ್ರೊಪಿಯೊನಾಲ್ಡಿಹೈಡ್ ಕೊಟ್ಟಿದ್ರು. ಮೂರು ಕಾರ್ಬನ್. ಮೊದಲ ತುದಿಯಿಂದನೇ ಗೆರಿ ಎಳದೆ. ಆಮ್ಯಾಲ ಅವ್ವಾರ ಹಾಳಿ ನೆಪ್ಪಾತು. ಹೊಡದು ಹಾಕಿ ನಡುವಿನ ಕಾರ್ಬನ್ನಿಂದ ಬರದೆ.”

“ಕವಲು ಬಂತಾ?”

“ಬಂತ್ರಿ. ಎರಡನೇ ಕಾರ್ಬನ್ ಮ್ಯಾಲ ಮೀಥೈಲ್, ಮೂರನೇದ್ರ ಮ್ಯಾಲ ಹೈಡ್ರಾಕ್ಸಿ.”

“ಸರಿ ಅದ,” ಎಂದೆ. ಅಷ್ಟು ಹೇಳಿದ್ದೇ ತಡ, ಎರಡು ದಿನದಿಂದ ಬಾರದಿದ್ದ ಅಳು ಬಂತು. ಮಣ್ಣು ಕೊಡುವಾಗ ಬಾರದ್ದು ಬಂತು. ಅವಳು ನನ್ನ ಬೆನ್ನಿನ ಮೇಲೆ ಕೈ ಇಟ್ಟು ಕೂತಳು.

ಆ ವರ್ಷ ಅವಳು ಎಲ್ಲ ವಿಷಯಗಳಲ್ಲೂ ಪಾಸಾದಳು. ಮುಂದೆ ಎಂ.ಎಸ್ಸಿ. ಮಾಡಿದಳು. ಉಳಿದ ಪತ್ರಿಕೆಗಳಿಗೆ ನಾನು ಹೋದೆ, ಬಿಟ್ಟುಹೋದ ಒಂದನ್ನು ಅಕ್ಟೋಬರಿನಲ್ಲಿ ಕಟ್ಟಿ ಬರೆದೆ, ಪಾಸೂ ಆಯಿತು. ಆದರೆ ಅಷ್ಟರೊಳಗೆ ಎಂ.ಎಸ್ಸಿ. ಸೀಟುಗಳು ಮುಗಿದಿದ್ದವು. ಮನೆಯಲ್ಲಿ ಅಡುಗೆಗೆ ಬೇರೆ ಯಾರೂ ಇರಲಿಲ್ಲ. ಮರುವರ್ಷ ಅರ್ಜಿ ಹಾಕು ಎಂದು ಅಪ್ಪ ಹೇಳಿದ. ನಾನು ಹಾಕಲಿಲ್ಲ. ಬಿ.ಎಡ್. ಮಾಡಿ ಊರಲ್ಲೇ ಹೈಸ್ಕೂಲಿಗೆ ಸೇರಿದೆ.

ಆ ದಿನ ಅವಳು ಹಿಂತಿರುಗುವಾಗ ಬಸ್ ಸ್ಟ್ಯಾಂಡಿನವರೆಗೆ ಹೋಗಿ ಹತ್ತಿಸಿ ಬಂದಿದ್ದೆ. ಮನೆಯಲ್ಲಿ ನೆಂಟರು ಊಟಕ್ಕೆ ಕಾಯುತ್ತಿದ್ದರು. ಬೇಳೆ ಬೇಯಲು ಇಟ್ಟು ಒಗ್ಗರಣೆಗೆ ಸಾಸಿವೆ ಹುಡುಕಿದೆ. ಅಂಗಡಿಯಲ್ಲಿ ಚೀಲಗಟ್ಟಲೆ ಇತ್ತು, ಒಳಗೆ ಅವ್ವ ಯಾವ ಡಬ್ಬಿಯಲ್ಲಿ ಇಡುತ್ತಿದ್ದಳೋ ಗೊತ್ತಿರಲಿಲ್ಲ. ಒಂದೊಂದೇ ಮುಚ್ಚಳ ತೆಗೆದು ನೋಡುತ್ತ ಅಡುಗೆಮನೆಯಲ್ಲಿ ಬಹಳ ಹೊತ್ತು ನಿಂತಿದ್ದೆ.