ನಲವತ್ತೈದಕ್ಕೆ ರಾಜೀನಾಮೆ

ಲಿಫ್ಟ್ ಬಿಡಿಭಾಗಗಳ ಆ ಕಾರ್ಖಾನೆಯಲ್ಲಿ ಖರೀದಿ ವಿಭಾಗದ ಮ್ಯಾನೇಜರನ್ನು ಬೆನ್ನ ಹಿಂದೆ ಎಲ್ಲರೂ ‘ನಲವತ್ತೈದು’ ಎಂದೇ ಕರೆಯುತ್ತಿದ್ದರು. ಆ ವಯಸ್ಸಿಗೆ ಕೆಲಸ ಬಿಡುತ್ತೇನೆಂದು ಆತ ಕ್ಯಾಂಟೀನಿನಲ್ಲಿ ಸಾರದ ದಿನವಿರಲಿಲ್ಲ. ಅರವತ್ತರವರೆಗೆ ದುಡಿಯುವವರನ್ನು ಕಂಡರೆ ಅವನಿಗೆ ಅಯ್ಯೋ ಪಾಪ. ಗಾಣದೆತ್ತನ್ನು ನೋಡುವ ಹಾಗೆ ನೋಡುತ್ತಿದ್ದ.

ಲೆಕ್ಕ ಸರಳವಾಗಿತ್ತು. ಒಂದು ಕೋಟಿ ಕೂಡಿಟ್ಟಿದ್ದ. ಷೇರುಪೇಟೆ ವರ್ಷಕ್ಕೆ ಶೇಕಡ ಹನ್ನೆರಡು ಕೊಡುತ್ತದೆ, ಅಂದರೆ ಹನ್ನೆರಡು ಲಕ್ಷ. ಮನೆಖರ್ಚು ತಿಂಗಳಿಗೆ ನಲವತ್ತು ಸಾವಿರ, ವರ್ಷಕ್ಕೆ ಐದು ಲಕ್ಷವೂ ಇಲ್ಲ. ಉಳಿದದ್ದು ಮರಿ ಹಾಕುತ್ತಲೇ ಇರುತ್ತದೆ. ಇಷ್ಟು ಸುಲಭದ ಸಂಗತಿ ಜಗತ್ತಿಗೇಕೆ ಹೊಳೆದಿಲ್ಲ ಎಂಬುದೊಂದೇ ಅವನಿಗಿದ್ದ ಚಿಂತೆ.

ನಲವತ್ನಾಲ್ಕು ತುಂಬಿದ ಮೇಲೆ, ರಾಜೀನಾಮೆ ಕೊಡುವ ಮುಂಚೆ, ಶುಲ್ಕ ಪಡೆದು ಸಲಹೆ ಕೊಡುವ ಹಣಕಾಸು ಸಲಹೆಗಾರ್ತಿಯೊಬ್ಬರ ಬಳಿ ಹೋದ. ಸಲಹೆ ಬೇಕಿತ್ತು ಅಂತಲ್ಲ, ಶಹಬ್ಬಾಸ್‌ಗಿರಿ ಬೇಕಿತ್ತು. ಹೊಲಿಗೆ ಅಂಗಡಿ ನಡೆಸುತ್ತಿದ್ದ ಹೆಂಡತಿಯನ್ನೂ ಸಾಕ್ಷಿಗೆಂದು ಕರೆದುಕೊಂಡು ಹೋದ.

ಸಲಹೆಗಾರ್ತಿ ಅವನ ಲೆಕ್ಕದ ಹಾಳೆಯನ್ನು ನಿಧಾನವಾಗಿ ಓದಿದರು. “ದಿನಸಿ ಎಲ್ಲಿ ಸರ್? ನೀವು ಊಟ ಮಾಡಲ್ವಾ?”

“ಅದು ಇವಳು ನೋಡ್ಕೋತಾಳೆ.”

“ಮಗಳ ಕಾಲೇಜ್ ಫೀಸು?”

“ಅದೂ ಇವಳೇ.”

“ಕರೆಂಟು?”

ಅವನು ಹೆಂಡತಿಯ ಕಡೆ ನೋಡಿದ. ಅವಳು ಗೋಡೆಯ ಕಡೆ ನೋಡುತ್ತಿದ್ದಳು. ವಿಚಾರಿಸಿದಾಗ ಗೊತ್ತಾಯಿತು, ಅವನ ನಲವತ್ತು ಸಾವಿರದ ಹೊರಗೆ ಮನೆಯ ಇನ್ನೂ ಇಪ್ಪತ್ತೈದು ಸಾವಿರ ಖರ್ಚು ತಿಂಗಳು ತಿಂಗಳು ಅಂಗಡಿಯ ದುಡ್ಡಿನಿಂದಲೇ ನಡೆಯುತ್ತಿತ್ತು. ಆಫೀಸು ಕಟ್ಟುತ್ತಿದ್ದ ಆರೋಗ್ಯ ವಿಮೆ ರಾಜೀನಾಮೆಯೊಂದಿಗೆ ನಿಂತುಹೋಗುತ್ತದೆ. ಸೋರುವ ತಾರಸಿ, ಹಲ್ಲಿನ ಡಾಕ್ಟರು, ಸವೆದ ಟೈರು ಯಾವುದೂ ಹಾಳೆಯಲ್ಲಿರಲಿಲ್ಲ. ಅವಕ್ಕೆಲ್ಲ ತಿಂಗಳಿಗೆ ಇನ್ನೂ ಹತ್ತು ಸಾವಿರ. ಒಟ್ಟು ಎಪ್ಪತ್ತೈದು ಸಾವಿರ.

“ಬೆಲೆ ಏರಿಕೆಗೆ ಎಷ್ಟು ಹಿಡಿದಿದ್ದೀರಿ?”

“ಹಿಡಿದಿಲ್ಲ. ನಮ್ಮದು ಸರಳ ಜೀವನ.”

“ನಿಮ್ಮ ಜೀವನ ಸರಳ ಅಂತ ಅಕ್ಕಿ ಅಂಗಡಿಯವನಿಗೆ ಗೊತ್ತಿರಲ್ವಲ್ಲ ಸರ್!” ಎಂದ ಆಕೆ ಮುಂದುವರಿಸಿದರು. “ಹನ್ನೆರಡು ಅನ್ನೋದು ಒಳ್ಳೇ ಕಾಲದ ಸರಾಸರಿ, ಪ್ರತಿ ವರ್ಷ ಬರೋ ಸಂಬಳ ಅಲ್ಲ. ಸ್ವಲ್ಪ ಷೇರು, ಸ್ವಲ್ಪ ಠೇವಣಿ ಅಂತ ಇಟ್ಟು, ತೆರಿಗೆ ಕಳೆದು ಎಂಟು ಅಂತ ಇಟ್ಕೊಳ್ಳೋಣ. ಬೆಲೆ ಏರಿಕೆ ಆರು. ವರ್ಷಕ್ಕೆ ಒಂಬತ್ತು ಲಕ್ಷ ತೆಗೀತಾ ಹೋದ್ರೆ, ನಿಮಗೆ ಐವತ್ತೆಂಟು ತುಂಬೋದ್ರೊಳಗೆ ಖಾತೆ ಖಾಲಿ. ಮೊದಲ ಎರಡು ವರ್ಷದಲ್ಲೇ ಪೇಟೆ ಬಿದ್ದು, ನೀವು ಹೊಟ್ಟೆಗೋಸ್ಕರ ಅಗ್ಗಕ್ಕೆ ಮಾರಬೇಕಾಗಿ ಬಂದ್ರೆ ಇನ್ನೂ ಬೇಗ. ನಲವತ್ತು ವರ್ಷ ಬಾಳಬೇಕು ಅಂದ್ರೆ ಈ ಖರ್ಚಿಗೆ ಕಡಿಮೆ ಅಂದ್ರೂ ಎರಡೂವರೆ ಕೋಟಿ ಬೇಕು.”

ಕೂತು ತಿಂದರೆ ಕುಡಿಕೆ ಹೊನ್ನು ಸಾಲದು ಎಂದು ಅವನ ಅಜ್ಜಿ ಫೀಸಿಲ್ಲದೆ ಹೇಳಿದ್ದಳು. ಆದರೆ ಫೀಸಿಲ್ಲದ ಮಾತಿಗೆ ಬೆಲೆಯೆಲ್ಲಿ?

“ಆದ್ರೆ ಅಂಗಡಿ ನಡೀತಾ ಇರುತ್ತಲ್ಲ ಮೇಡಂ,” ಅವನು ಪಟ್ಟು ಬಿಡಲಿಲ್ಲ.

ಹೆಂಡತಿ ಗೋಡೆ ಬಿಟ್ಟು ಅವನ ಕಡೆ ತಿರುಗಿದಳು. “ರೀ, ನನಗೂ ನಲವತ್ನಾಲ್ಕು. ನಾನು ಯಾವಾಗ ನಿಲ್ಲಿಸೋದು? ಅದನ್ನ ಯಾವ ಹಾಳೇಲಿ ಬರೆದಿದ್ದೀರಿ?”

ಅದನ್ನು ಯಾವ ಹಾಳೆಯಲ್ಲೂ ಬರೆದಿರಲಿಲ್ಲ. ಅವನ ಮುಖ ಹುಳ್ಳಗಾಯಿತು.

ಸಲಹೆಗಾರ್ತಿ ಒಂದು ಪರೀಕ್ಷೆ ಹೇಳಿದರು. “ಒಂದು ತಿಂಗಳು ರಜೆ ಹಾಕಿ, ರಿಟೈರ್ ಆದವರ ಹಾಗೆ ಇರಿ. ಎಲ್ಲಾ ಖರ್ಚೂ ನಿಮ್ಮ ನಲವತ್ತು ಸಾವಿರದಲ್ಲೇ. ಅಂಗಡಿ ದುಡ್ಡು ಮುಟ್ಟೋ ಹಾಗಿಲ್ಲ.”

ಅವನು ಹುರುಪಿನಿಂದ ರಜೆ ಹಾಕಿದ. ಮೊದಲ ವಾರ ನಿದ್ದೆ ಮಾಡಿದ. ಅದೊಂದೇ ಪುಕ್ಕಟೆಯಾದದ್ದು. ಎರಡನೆಯ ವಾರ ಬೇಸರ ಕಳೆಯಲು ಗೇರಿನ ಸೈಕಲ್ ಕೊಂಡ. ಸೈಕಲ್ಲಿನಿಂದ ಬಿದ್ದು ಮೊಣಕಾಲಿಗೆ ಸ್ಕ್ಯಾನ್ ಮಾಡಿಸಿದ. ಕಾಲು ಮೇಲೆತ್ತಿಟ್ಟು ಮಲಗಿರುವಾಗ ಫೋನಿನಲ್ಲಿ ಷೇರಿನ ಬೆಲೆ ನೋಡಿದ. ಅದೂ ಬಿದ್ದಿತ್ತು. ದಿನಸಿ ತರಲು ದುಡ್ಡು ಕೇಳಿದ ಮಗಳಿಗೆ, “ಅಮ್ಮನ್ನ ಕೇಳು,” ಎಂದ.

“ಅಮ್ಮನ್ನ ಕೇಳೋ ಹಾಗಿಲ್ಲವಂತೆ ಅಪ್ಪಾ. ನೀವು ರಿಟೈರ್ ಆಗಿದ್ದೀರಲ್ಲ.”

ಮೂರನೆಯ ವಾರ ಮುಗಿಯುವ ಮುನ್ನವೇ ಅವನು ಕುಂಟುತ್ತಾ ಆಫೀಸಿಗೆ ಬಂದ. ಕಂಪನಿಗೆ ತನ್ನ ಅಗತ್ಯ ತುಂಬಾ ಇದೆ ಎಂದು ಕ್ಯಾಂಟೀನಿನಲ್ಲಿ ಹೇಳಿಕೊಂಡ. ಎಲ್ಲರೂ ಗಂಭೀರವಾಗಿ ತಲೆಯಾಡಿಸಿದರು. ಅವನು ಅತ್ತ ಹೋದ ಮೇಲೆ ಬಿದ್ದು ಬಿದ್ದು ನಕ್ಕರು.

ಹೆಂಡತಿ ಆಮೇಲೆ ಒಬ್ಬಳೇ ಸಲಹೆಗಾರ್ತಿಯ ಬಳಿ ಹೋಗಿಬಂದಳು. ಗಂಡ ಅರವತ್ತರವರೆಗೆ ದುಡಿದರೆ, ಅವನ ಸಂಬಳದಲ್ಲೇ ಎಪ್ಪತ್ತೈದು ಸಾವಿರವೂ ಹೋಗಿ ಇನ್ನಷ್ಟು ಉಳಿಯುತ್ತದೆ, ಕೋಟಿಯನ್ನೂ ಮುಟ್ಟಬೇಕಿಲ್ಲ ಎಂಬ ಲೆಕ್ಕ ಅಲ್ಲಿ ಎರಡೆರಡು ಸಲ ತಾಳೆಯಾಯಿತು. ಮರುವರ್ಷ ಅವಳು ಅಂಗಡಿಯನ್ನು ಮಾರಿ, ಮಧ್ಯಾಹ್ನಗಳಲ್ಲಿ ಈಜು ಕಲಿಯಲು ಹೋಗತೊಡಗಿದಳು.

ಆ ಮನೆಯಲ್ಲಿ ನಲವತ್ತೈದಕ್ಕೆ ನಿವೃತ್ತಿ ಆಗಿಯೇ ಆಯಿತು. ಅವನು ಹೇಳಿದ್ದರಲ್ಲಿ ಸುಳ್ಳೇನಿರಲಿಲ್ಲ, ಆಸಾಮಿ ಮಾತ್ರ ಬೇರೆ.