ಎಲ್ಲರೂ ಅಡ್ಮಿನ್ ಆಗಿದ್ದ ಗ್ರೂಪು

ವಿರಾಜಪೇಟೆಯ ಔಷಧಿ ಅಂಗಡಿಯಲ್ಲಿ ದಿನವಿಡೀ ನಿಂತು ಕಾಲು ಸೋತು ಮನೆಗೆ ಬಂದರೆ, ಕಕ್ಕಬೆಯ ಚಿಕ್ಕಪ್ಪ ನನ್ನನ್ನು ಕೇಳದೆಯೇ ಕುಟುಂಬದ ವಾಟ್ಸಾಪ್ ಗ್ರೂಪಿಗೆ ಸೇರಿಸಿದ್ದರು. ಗುಲಾಬಿ ಹೂವಿನ ಶುಭೋದಯ, ಕಾಫಿ ರೇಟು, ಯಾರದೋ ಮೊಣಕಾಲಿನ ಎಕ್ಸ್‌ರೇ. ಅಂದೇ ಮ್ಯೂಟ್ ಮಾಡಿದೆ. ಆದರೂ ಚಿಕ್ಕಪ್ಪ ನನ್ನನ್ನು ಟ್ಯಾಗ್ ಮಾಡಿ ಮಾತ್ರೆಯ ವಿಷಯ ಕೇಳಿದಾಗಲೆಲ್ಲ ಫೋನ್ ಸದ್ದು ಮಾಡುತ್ತಿತ್ತು. ಸಾಕಾಗಿ ಹೋಯಿತು. ಹೊರಬಂದರೆ ಅಡ್ಮಿನ್‌ಗಳಿಗೆ ಮಾತ್ರ ತಿಳಿಯುತ್ತದೆಂದು ಫೋನೇ ಹೇಳಿತು. ಅಡ್ಮಿನ್ ಅಂದರೆ ಚಿಕ್ಕಪ್ಪ ಒಬ್ಬರೇ ತಾನೆ ಎಂದುಕೊಂಡು ಸದ್ದಿಲ್ಲದೆ ಹೊರಬಂದೆ.

ಯಾರಿಗೂ ಬೇಜಾರಾಗಬಾರದೆಂದು ಅವರು ಎಲ್ಲರನ್ನೂ ಅಡ್ಮಿನ್ ಮಾಡಿದ್ದು ನನಗೆ ಗೊತ್ತಿರಲಿಲ್ಲ. ಮರುದಿನವೆಲ್ಲ ಕರೆಗಳೇ. "ಯಾಕೆ ಬಿಟ್ಟೆ? ಯಾರಾದ್ರೂ ಏನಾದ್ರೂ ಅಂದ್ರಾ?"

ಭಾನುವಾರ ನೆಂಟರ ಮಗುವಿನ ನಾಮಕರಣದ ಊಟಕ್ಕೆ ಕೂತಾಗ ಭಾವ, "ಇವಳಿಗೆ ಬೇಗ ಬಡಿಸಿ, ಹೇಳ್ದೆ ಕೇಳ್ದೆ ಎದ್ದು ಹೋಗ್ತಾಳೆ" ಎಂದು ಪಂಕ್ತಿಯನ್ನೇ ನಗಿಸಿದರು. ನಾನೂ ಹೇಗೋ ನಕ್ಕೆ.

ಕೈ ತೊಳೆಯುವಾಗ ಚಿಕ್ಕಮ್ಮ ಮೆಲ್ಲಗೆ, "ನಾನೂ ಮ್ಯೂಟ್ ಮಾಡಿ, ಕಣ್ಣಿಗೇ ಬೀಳದ ಹಾಗೆ ಆರ್ಕೈವಿಗೆ ಹಾಕಿದ್ದೀನಿ. ಬಿಟ್ರೆ ಎಲ್ರಿಗೂ ಉತ್ತರ ಹೇಳ್ಬೇಕು, ಇದ್ರೆ ಯಾರೂ ಕೇಳಲ್ಲ ಮಗಳೇ" ಎಂದರು.

ಅವರ ಗಂಡನಿಗೂ, ಅಂದರೆ ಗ್ರೂಪು ಮಾಡಿದ ಚಿಕ್ಕಪ್ಪನಿಗೂ, ಅದು ಗೊತ್ತಿರಲಿಲ್ಲ. ಇನ್ನಷ್ಟು ಜನಕ್ಕೆ ಉತ್ತರ ಹೇಳುವ ಶಕ್ತಿ ನನ್ನಲ್ಲಿ ಉಳಿದಿರಲಿಲ್ಲ. ಮತ್ತೆ ಸೇರಿಸಿ ಎಂದು ನಾನೇ ಚಿಕ್ಕಪ್ಪನನ್ನು ಕೇಳಿಕೊಂಡೆ.