ಅನುಭವ: ಇಲ್ಲ

ಎಂಬಿಎ ಕೊನೆಯ ವರ್ಷದಲ್ಲಿ ಎರಡು ತಿಂಗಳು ಬಾಗಲಕೋಟೆಯ ಒಂದು ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಎಚ್‌ಆರ್ ಇಂಟರ್ನ್ ಆಗಿದ್ದೆ. ದಿನಾ ಬಾದಾಮಿಯಿಂದ ಬಸ್ಸಿನಲ್ಲಿ ಜೋತಾಡುತ್ತ ಬಂದು, ಕುರ್ಚಿ ಸಿಕ್ಕ ಕೂಡಲೇ ನಾನೇ ಮ್ಯಾನೇಜರ್ ಅನ್ನುವಷ್ಟು ಜೋರು ಮಾಡುತ್ತಿದ್ದೆ. ಕೋಪವಂತೂ ಮೂಗಿನ ತುದಿಯಲ್ಲೇ.

ಬಟ್ಟೆಯ ದೋಷ ಹುಡುಕುವ ಚೆಕರ್ ಕೆಲಸ ಒಂದೇ ಒಂದು ಖಾಲಿ ಇತ್ತು. ಅರ್ಜಿ ಬಂದಿದ್ದು ಅರವತ್ತರ ಮೇಲೆ. ಮ್ಯಾನೇಜರ್ ಸರ್ ಒಂದು ಚೆಕ್‌ಲಿಸ್ಟ್ ಕೊಟ್ಟಿದ್ದರು: ಎಸ್ಸೆಸ್ಸೆಲ್ಸಿ ಪಾಸ್, ಬಟ್ಟೆ ಕೆಲಸದಲ್ಲಿ ಒಂದು ವರ್ಷದ ಅನುಭವ, ಪಾಳಿಗೆ ಒಪ್ಪಿಗೆ. ಮೂರೂ ಇದ್ದರೆ ಸಂದರ್ಶನ, ಒಂದಿಲ್ಲದಿದ್ದರೂ ಬದಿಗೆ. ಅರ್ಧದಷ್ಟು ಬಯೋಡಾಟಾ ಒಂದೇ ಕಂಪ್ಯೂಟರ್ ಅಂಗಡಿಯಲ್ಲಿ ಹುಟ್ಟಿದವು. ಎಲ್ಲರ ಹವ್ಯಾಸವೂ ಪುಸ್ತಕ ಓದುವುದು. ನಾನು ನಗುತ್ತ ಟಿಕ್ ಹಾಕಿದೆ, ಮೂವತ್ತೆಂಟನ್ನು ಬದಿಗಿಟ್ಟೆ.

ಉಳಿದವರಿಗೆ ಹೆಸರಿನ ಅಕ್ಷರದ ಕ್ರಮದಲ್ಲಿ ಒಂಬತ್ತೂವರೆಯಿಂದ ಇಪ್ಪತ್ತಿಪ್ಪತ್ತು ನಿಮಿಷದ ಸಮಯ ಬರೆದು ಫೋನ್ ಹಚ್ಚಿದೆ. ಹುನಗುಂದದ ಒಬ್ಬಳು, ತನ್ನೂರಿನ ಬಸ್ಸು ಬರುವುದೇ ಹತ್ತಕ್ಕೆ ಎಂದಳು. ಬೇಕಾದರೆ ಬರಲಿ ಎಂದು ಸರ್ ಮುಂದೆ ಗೊಣಗಿದೆ. ಸರ್ ನಕ್ಕು, ಊರಿನ ಬಸ್ಸು ತಡವಾದರೆ ಅದು ಆಕೆಯ ತಪ್ಪೇನು ಎಂದರು. ಪಟ್ಟಿ ಹರಿದು ಮತ್ತೆ ಬರೆದೆ: ಬಾಗಲಕೋಟೆಯವರು ಮೊದಲು, ದೂರದವರು ಹನ್ನೊಂದರ ಮೇಲೆ, ಎಲ್ಲರಿಗೂ ಅದೇ ಇಪ್ಪತ್ತು ನಿಮಿಷ, ಅವೇ ಪ್ರಶ್ನೆಗಳು.

ಹೊಸ ಸಮಯ ಹೇಳಲು ಗುಳೇದಗುಡ್ಡದ ಹುಡುಗಿಗೆ ಫೋನ್ ಮಾಡಿದಾಗ ಹಿಂದೆ ಖಟಪಟ ಖಟಪಟ ಸದ್ದು, ಆಕೆಯ ಮಾತೇ ಕೇಳಿಸದು. ಅಣ್ಣನ ಹೆಂಡತಿ ಮಗ್ಗದ ಮೇಲೆ ಕುಪ್ಪಸದ ಖಣ ನೇಯುತ್ತಿದ್ದಾಳಂತೆ. ಆಕೆಯೂ ಅರ್ಜಿ ಹಾಕಿದ್ದಾಳಂತೆ, ಅವಳ ಹೆಸರು ಬಂದಿದೆಯಾ ಎಂದು ಮೆಲ್ಲಗೆ ಕೇಳಿದಳು. ಬದಿಗಿಟ್ಟ ಕಟ್ಟಿನಲ್ಲಿ ಹುಡುಕಿದೆ. ಸಿಕ್ಕಿತು. ಅನುಭವ ಅನ್ನುವ ಜಾಗದಲ್ಲಿ ಆಕೆಯ ಕೈಬರಹ: ಇಲ್ಲ.

"ಹದಿನೆಂಟು ವರ್ಷದಿಂದ ನೇಯಾಕತ್ತಾಳ್ರಿ ನಮ್ಮ ವೈನಿ," ಎಂದಳು ಹುಡುಗಿ. "ಮನ್ಯಾಗ ಮಾಡೂದು ನೌಕರಿ ಅಲ್ಲಲ್ರಿ, ಅದಕ್ಕ ಇಲ್ಲ ಅಂತ ಬರದಾಳ."

ನನಗೆ ತಡೆಯಲಾಗಲಿಲ್ಲ. ಸರ್ ಮುಂದೆ ಆ ಅರ್ಜಿ ಹಿಡಿದು ನಿಂತು, ಇದೊಂದನ್ನು ಸೇರಿಸಲೇಬೇಕೆಂದು ಜಗಳಕ್ಕೇ ಇಳಿದೆ. ಅವರು ಚಹಾ ಮುಗಿಸಿ ಹೇಳಿದರು: "ಒಬ್ಬಾಕಿಗಷ್ಟ ಬಾಗಲಾ ತಗದ್ರ ಉಳದವ್ರೇನು ಪಾಪ ಮಾಡ್ಯಾರವಾ? ನಿಯಮ ತಪ್ಪಿದ್ರ ನಿಯಮಾನ ತಿದ್ದು. ಆಮ್ಯಾಲ ಎಲ್ಲಾರ ಕಾಗದಾನೂ ಮತ್ತ ನೋಡು."

'ಮನೆಯ ಮಗ್ಗ, ಹೊಲಿಗೆಯೂ ಅನುಭವವೇ' ಎಂದು ಚೆಕ್‌ಲಿಸ್ಟಿನಲ್ಲಿ ಬರೆದು, ಸರ್ ಕೈಯಿಂದ ಸಹಿ ಮಾಡಿಸಿಕೊಂಡೆ. ಅನುಭವ ಇಲ್ಲವೆಂದು ಬದಿಗಿಟ್ಟವರಿಗೆಲ್ಲ ಫೋನ್ ಮಾಡಿ ಒಂದೇ ಪ್ರಶ್ನೆ ಕೇಳಿದೆ: ಮನೆಯಲ್ಲಿ ಬಟ್ಟೆಯ ಕೆಲಸ ಮಾಡಿದ್ದೀರಾ, ಎಷ್ಟು ವರ್ಷ? ನಾಲ್ವರು ಸಂದರ್ಶನದ ಪಟ್ಟಿಗೆ ಸೇರಿದರು, ಅವರಲ್ಲಿ ಇಳಕಲ್ಲಿನ ಸೀರೆ ನೇಯುವ ಹೆಂಗಸೂ ಒಬ್ಬಳು. ಗುಳೇದಗುಡ್ಡದ ವೈನಿಯ ಕಾಗದದಲ್ಲಿ, ಫೋನಿನಲ್ಲಿ ತಿಳಿಸಿದ್ದು ಎಂದು ಷರಾ ಹಾಕಿ, 'ಹದಿನೆಂಟು ವರ್ಷ' ಎಂದು ಬರೆದಾಗ ನನಗೇ ಕೆಲಸ ಸಿಕ್ಕಷ್ಟು ಖುಷಿ.

ಸಂದರ್ಶನದ ದಿನ ಪ್ರತಿಯೊಬ್ಬರ ಮುಂದೆ ಅದೇ ಬಟ್ಟೆ ಹಾಸಿದೆವು. ಅದರಲ್ಲಿ ಹತ್ತು ದೋಷ, ಹುಡುಕಲು ಐದು ನಿಮಿಷ. ವೈನಿ ಎಂಟು ಹುಡುಕಿದಳು, ನಾದಿನಿ ಐದು. ಭೇಷ್ ಅಂತ ಮನಸ್ಸಿನಲ್ಲೇ ಕುಣಿದೆ. ಆಮೇಲೆ ಇಳಕಲ್ಲಿನವಳು ಬಂದು ಹತ್ತಕ್ಕೆ ಹತ್ತೂ ಹುಡುಕಿ, ನೀರು ಕುಡಿದು ಹೋದಳು. ಉಳಿದ ಪ್ರಶ್ನೆಗಳಲ್ಲೂ ಆಕೆಯೇ ಮೇಲಾದಳು.

ಯಾರಿಗಾಗಿ ನಾನು ಬಾಗಿಲು ತೆಗೆಸಿದ್ದೆನೋ ಆಕೆಗೆ ಕೆಲಸ ಇಲ್ಲ. ಅದೇ ಬಾಗಿಲಿನಿಂದ ಬಂದ ಇನ್ನೊಬ್ಬಳಿಗೆ ಸಿಕ್ಕಿತು. ತಪ್ಪು ಹುಡುಕೋಣವೆಂದು ಅಂಕಪಟ್ಟಿಯನ್ನು ಮೂರು ಸಲ ಕೂಡಿದೆ. ಏನೂ ತಪ್ಪಿರಲಿಲ್ಲ.

ವೈನಿಗೆ ಫೋನ್ ನಾನೇ ಮಾಡಿದೆ. ವೇಟಿಂಗ್ ಲಿಸ್ಟಿನಲ್ಲಿ ನಿಮ್ಮದೇ ಮೊದಲ ಹೆಸರು ಎಂದು ತೊದಲಿದೆ. ಮಗ್ಗ ನಿಂತಿತು.

"ಇರ್ಲಿ ಬಿಡ್ರಿ," ಎಂದಳು. "ಅವತ್ತ ಅಲ್ಲಿ ಬಂದಾಗ ನೋಡಿದ್ನಿ, ನನ್ನ ಕಾಗದದಾಗ ನೀವು ಹದಿನೆಂಟು ವರ್ಷ ಅಂತ ಬರದೀರಲ್ಲ, ಅದನ್ನ ಅಳಸಬ್ಯಾಡ್ರಿ."

ಇಲ್ಲ, ಅಳಿಸುವುದಿಲ್ಲ ಎಂದೆ. ಅತ್ತ ಮಗ್ಗ ಮತ್ತೆ ಶುರುವಾಯಿತು.